ಸಹಾಯ ಬೇಕು: ಬಿಲ್ ಮಾರ್ಚ್ 31ಕ್ಕೆ, ಲಾರಿ ಹೋಗಿದ್ದು ಏಪ್ರಿಲ್ 2ಕ್ಕೆ

ದಾವಣಗೆರೆಲಿ ಒಂದು ಅಕ್ಕಿ ಮಿಲ್ ಆಡಿಟ್‌ಗೆ ಬಂದಿದೀನಿ, ಕಟ್-ಆಫ್‌ನಲ್ಲಿ ಸಿಕ್ಕಾಕೊಂಡೆ. ಮಾರ್ಚ್ ಕೊನೇ ಐದು ದಿನ, ಏಪ್ರಿಲ್ ಮೊದಲ ಐದು ದಿನದ ಬಿಲ್‌ಗಳನ್ನ ಗೇಟ್ ರಿಜಿಸ್ಟರ್ ಜೊತೆ ತಾಳೆ ನೋಡಿದೆ. ಖರೀದಿದು ಅರ್ಥ ಆಯ್ತು, ಭತ್ತ 30ಕ್ಕೇ ಇಳಿದು ಸ್ಟಾಕ್‌ನಲ್ಲಿ ಎಣಿಸಿದಾರೆ, ಬಿಲ್ ಮಾತ್ರ ಏಪ್ರಿಲ್‌ಗೆ ಬರೆದಿದಾರೆ, ಅದಕ್ಕೇ ಲಾಭ ಉಬ್ಬಿದೆ, ಮಾರ್ಚ್‌ಗೆ ತರಿಸ್ತೀನಿ.

ತಲೆ ಕೆಟ್ಟಿರೋದು ಮಾರಾಟದ್ದು. 4.20 ಲಕ್ಷದ ಬಿಲ್ 31ಕ್ಕೆ ಹಾಕಿದಾರೆ, ಲಾರಿ ಗೇಟ್ ದಾಟಿದ್ದು ಏಪ್ರಿಲ್ 2ಕ್ಕೆ, ಅದೇ ಮೂಟೆಗಳು 3.80 ಲಕ್ಷ ಅಸಲಿಗೆ 31ರ ಸ್ಟಾಕ್‌ನಲ್ಲೂ ಕೂತಿವೆ! ಪಾರ್ಟಿ ಅಂಗಡಿಗೆ ಮುಟ್ಟೋವರೆಗೂ ರಿಸ್ಕ್ ಮಿಲ್‌ದೇ ಅಂತ ಆರ್ಡರ್‌ನಲ್ಲಿದೆ. ಮಾಲೀಕರು ಕೇಳಿದ್ರೆ ಜಿಎಸ್‌ಟಿ ಮಾರ್ಚ್‌ಗೇ ತೋರ್ಸಿದೀವಲ್ಲ ಅಂತಾರೆ.

ಈಗ ಸೇಲ್ ರಿವರ್ಸ್ ಮಾಡಿಸಿ ಸ್ಟಾಕ್ ಹಂಗೇ ಬಿಡ್ಲಾ, ಇಲ್ಲ ಸೇಲ್ ಉಳಿಸಿ ಸ್ಟಾಕಿಂದ 3.80 ತೆಗೆಸ್ಲಾ?