ಪದಚರ್ಚೆ: ‘ಒಂಟಿ ಜೋಡಿ’ ಅಂದರೆ ಎಷ್ಟು ಎಲೆಕ್ಟ್ರಾನ್?

ಕೊಪ್ಪಳದಿಂದ, ಪಿಯುಸಿ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರೇ ಜಾಸ್ತಿ. ಅವರಿಗಾಗಿ ಅಣುಗಳ ಆಕಾರದ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಕೈಕೊಟ್ಟಿದೆ.

ಅಮೋನಿಯಾ, NH₃ ತೆಗೆದುಕೊಳ್ಳಿ. ಸಾರಜನಕದ ಹೊರಕವಚದಲ್ಲಿ 5 ಎಲೆಕ್ಟ್ರಾನ್. ಮೂರು ಹೈಡ್ರೋಜನ್ ಜತೆ ಬಂಧಕ್ಕೆ ಹೋದವು. ಉಳಿದ ಎರಡು ಜೋಡಿಯಾಗಿ ಸಾರಜನಕದ ಮೇಲೇ ಕೂತಿವೆ. ಇದನ್ನು ಕ್ಲಾಸಿನಲ್ಲಿ ಲೋನ್ ಪೇರ್ ಅನ್ನುತ್ತೇವೆ. ಕನ್ನಡದಲ್ಲಿ ‘ಒಂಟಿ ಜೋಡಿ’ ಅಂತ ಬರೆದುಕೊಟ್ಟೆ. ಕೆಲವರು ಸಾರಜನಕದ ಮೇಲೆ ಒಂದೇ ಚುಕ್ಕಿ ಇಟ್ಟರು. ಕೇಳಿದರೆ, “ಒಂಟಿ ಅಂದರೆ ಒಂದೇ ಅಲ್ವಾ ಮೇಡಂ?” ಅಂದರು. ಎಣಿಕೆ 8 ಬರಬೇಕಾದಲ್ಲಿ 7 ಬಂತು. ಇನ್ನು ಕೆಲವರು ಅದನ್ನು ಬಿಟ್ಟೇಬಿಟ್ಟು, ಬೋರಾನ್ ಟ್ರೈಫ್ಲೋರೈಡ್ ತರಹ ಮೂರೂ ಬಂಧಗಳನ್ನು ಚಪ್ಪಟೆಯಾಗಿ 120 ಡಿಗ್ರಿಗೆ ಹರಡಿದರು. ಆಮೇಲೆ “ಧ್ರುವತೆ ಇಲ್ಲ” ಅಂತಲೂ ಬರೆದರು.

ಇನ್ನೊಂದು ಸಂಶಯ. ಒಂದು ಟಿಪ್ಪಣಿಯಲ್ಲಿ ಅಮೋನಿಯಾದ ಆಕಾರ ಚತುಷ್ಫಲಕ ಅಂತಿದೆ, ಇನ್ನೊಂದರಲ್ಲಿ ಪಿರಮಿಡ್ ಅಂತಿದೆ. ಎರಡಕ್ಕೂ ‘ಆಕಾರ’ ಅನ್ನಬಹುದಾ?

ಸಿರುಗುಪ್ಪದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ತಂಗೀ, ನಮ್ಮ ಕಡೆ ಒಂಟಿ ಅಂದರೆ ಕಿವಿಗೆ ಹಾಕುವುದು. ನಮ್ಮ ಅಪ್ಪ ಕೊನೇವರೆಗೂ ಬಂಗಾರದ ಒಂಟಿ ಹಾಕಿಕೊಂಡಿದ್ದರು. ಒಂಟಿ ಜೋಡಿ ಅಂದರೆ ಅಕ್ಕಸಾಲಿಗ ಎರಡು ಒಂಟಿ ಮಾಡಿಕೊಡುತ್ತಾನೆ, ಒಂದು ಕೊಟ್ಟರೆ ಜಗಳ ಆಗುತ್ತದೆ! ಹಾಗಾಗಿ ಪದ ಸರಿಯಾಗೇ ಇದೆ ಅನ್ನುತ್ತೇನೆ. ನೀವು ಕೇಳಿದ್ದು ಇದನ್ನೇ ತಾನೇ?

ರಾಯಚೂರಿನಿಂದ, ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು:

ಮೇಷ್ಟ್ರೇ, ಒಂಟಿಯ ವಿಷಯ ಚೆನ್ನಾಗಿದೆ, ಆದರೆ ಮೇಡಂ ಕೇಳಿದ್ದು ಬೇರೆ.

ಮೇಡಂ, ಎರಡನೇ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ನಾಲ್ಕು ಜೋಡಿಗಳು ಒಂದನ್ನೊಂದು ದೂಡಿ ಚತುಷ್ಫಲಕದ ನಾಲ್ಕು ಮೂಲೆಗಳ ಕಡೆ ಹೋಗುತ್ತವೆ. ಅದು ಜೋಡಿಗಳ ಹರವು. ಅಣುವಿನ ಆಕಾರ ಅಂದರೆ ಪರಮಾಣುಗಳು ಎಲ್ಲಿವೆ ಅಂತ. ನಾಲ್ಕನೇ ಮೂಲೆಯಲ್ಲಿ ಪರಮಾಣು ಇಲ್ಲ, ಹಾಗಾಗಿ ಆಕಾರ ಪಿರಮಿಡ್. ‘ಹರವು’, ‘ಆಕಾರ’ ಅಂತ ಎರಡು ಪದ ಇಟ್ಟುಕೊಂಡರೆ ಸಾಕು.

ನಿಮ್ಮ ಮೊದಲನೇ ಪ್ರಶ್ನೆಗೆ ಬರೀ ಪದದಿಂದ ಉತ್ತರ ಸಿಗುವುದಿಲ್ಲ. ಒಂದೇ ಎಲೆಕ್ಟ್ರಾನ್ ಉಳಿದಿರುವ ಅಣು ನಿಜವಾಗಲೂ ಇದೆ. ಅದನ್ನು ಪಕ್ಕದಲ್ಲಿಟ್ಟು ತೋರಿಸಿ, ಮಕ್ಕಳು ಮತ್ತೆ ಮರೆಯುವುದಿಲ್ಲ. ಅದು ನೈಟ್ರೋಜನ್ ಡೈಆಕ್ಸೈಡ್, NO₂. ತಾಮ್ರದ ಚೂರಿನ ಮೇಲೆ ಗಾಢ ನೈಟ್ರಿಕ್ ಆಮ್ಲ ಹಾಕಿದಾಗ ಏಳುವ ಕಂದು ಹೊಗೆ. ಹೊರಕವಚದ ಎಲೆಕ್ಟ್ರಾನ್ ಕೂಡಿಸಿ: ಸಾರಜನಕದ್ದು 5, ಎರಡು ಆಮ್ಲಜನಕದ್ದು 12, ಒಟ್ಟು 17. ಬೆಸ ಸಂಖ್ಯೆ. ಎಲ್ಲವೂ ಜೋಡಿ ಆಗೋಕೆ ಸಾಧ್ಯವೇ ಇಲ್ಲ. ಒಂದು ಉಳಿಯುತ್ತದೆ, ಅದು ಹೆಚ್ಚಾಗಿ ಸಾರಜನಕದ ಮೇಲಿರುತ್ತದೆ.

ಈಗ ಅದೇ ಅಣುವಿನಿಂದ ಒಂದು ಎಲೆಕ್ಟ್ರಾನ್ ತೆಗೆಯಿರಿ. NO₂⁺ ಆಯಿತು, ಒಟ್ಟು 16. ಸಾರಜನಕದ ಮೇಲೆ ಏನೂ ಉಳಿಯಲಿಲ್ಲ. ದೂಡುವವರು ಯಾರೂ ಇಲ್ಲ, ಎರಡು ಆಮ್ಲಜನಕಗಳು ಎದುರುಬದುರಾಗಿ ನಿಂತವು: ಕೋನ 180 ಡಿಗ್ರಿ. ಇನ್ನು NO₂ಗೆ ಒಂದು ಎಲೆಕ್ಟ್ರಾನ್ ಸೇರಿಸಿ. NO₂⁻, ಅಂದರೆ ನೈಟ್ರೈಟ್, ಒಟ್ಟು 18. ಈಗ ಪೂರ್ತಿ ಜೋಡಿ ಕೂತಿದೆ: ಕೋನ ಸುಮಾರು 115. ನಡುವಿನ NO₂ದು ಸುಮಾರು 134.

ಮೂರು ದಿಕ್ಕಿಗೆ ಸಮನಾಗಿ ಹರಡಿದರೆ 120 ಬರಬೇಕಿತ್ತು. ಪೂರ್ತಿ ಜೋಡಿ ಇದ್ದಾಗ ಅದು ಬಂಧಗಳನ್ನು ಜೋರಾಗಿ ಅಮುಕಿ 120ಕ್ಕಿಂತ ಕಡಿಮೆ ಮಾಡಿತು. ಒಂದೇ ಎಲೆಕ್ಟ್ರಾನ್ ಇದ್ದಾಗ ಅದರ ದೂಡುವ ಬಲ ಕಡಿಮೆ, ಬಂಧಗಳೇ ಅದನ್ನು ಒತ್ತಿ 120ಕ್ಕಿಂತ ಅಗಲವಾದವು. ಒಂದು ಮತ್ತು ಎರಡರ ನಡುವಿನ ಫರಕು ಅಂದರೆ ಈ 19 ಡಿಗ್ರಿ.

ಸ್ವಭಾವವೂ ಬೇರೆ. ಕಂದು ಹೊಗೆಯನ್ನು ಮುಚ್ಚಿದ ಗಾಜಿನ ಕೊಳವೆಯಲ್ಲಿ ಮಂಜುಗಡ್ಡೆಗೆ ಇಟ್ಟರೆ ಬಣ್ಣ ತೆಳುವಾಗುತ್ತದೆ. ಎರಡು NO₂ ಸೇರಿ, ಒಂದರ ಬಿಡಿ ಎಲೆಕ್ಟ್ರಾನ್ ಇನ್ನೊಂದರ ಜತೆ ಜೋಡಿಯಾಗಿ ಬಣ್ಣವಿಲ್ಲದ N₂O₄ ಆಗುತ್ತದೆ. ಅಮೋನಿಯಾ ಅಣುಗಳು ಹೀಗೆ ಒಂದಕ್ಕೊಂದು ಅಂಟುವುದಿಲ್ಲ, ಯಾಕೆಂದರೆ ಅಲ್ಲಿರುವುದಕ್ಕೆ ಜತೆ ಆಗಲೇ ಸಿಕ್ಕಿದೆ. ಹಾಗಾಗಿ ‘ಒಂಟಿ’ ಅನ್ನುವುದನ್ನು NO₂ದಕ್ಕೆ ಬಿಟ್ಟುಕೊಟ್ಟು ಅಮೋನಿಯಾದ್ದಕ್ಕೆ ಬೇರೆ ಹೆಸರು ಹುಡುಕುವುದೇ ಸರಿ ಅಂತ ನನ್ನ ಮತ.

(ಈ ಹೊಗೆ ವಿಷ. ಕ್ಲಾಸಿನಲ್ಲಿ ಮಾಡಬೇಡಿ, ಮುಚ್ಚಿದ ಕೊಳವೆಯನ್ನು ಹೊಗೆ ಹೋಗುವ ಕಪಾಟಿನಲ್ಲಿ ತಯಾರಿಸಿಕೊಳ್ಳಿ.)

ಗಂಗಾವತಿಯಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ:

ಸರ್, ನಾವು ಸಿಇಟಿಗೆ ಓದುವಾಗ ಒಂದು ಸುಲಭ ಸೂತ್ರ ಇತ್ತು. ನಡುವಿನ ಪರಮಾಣುವಿನ ಮೇಲೆ ಲೋನ್ ಪೇರ್ ಇದ್ದರೆ ಧ್ರುವೀಯ, ಇಲ್ಲದಿದ್ದರೆ ಅಲ್ಲ. ನೀರು, ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಎಲ್ಲದಕ್ಕೂ ಸರಿ ಬರುತ್ತದೆ. ಹಾಗಾಗಿ ‘ಧ್ರುವ ಜೋಡಿ’ ಅಂತ ಕರೆದರೆ ಹೇಗೆ? ಪದದಲ್ಲೇ ಉತ್ತರವೂ ಸಿಕ್ಕಿಬಿಡುತ್ತದೆ.

ರಾಯಚೂರಿನಿಂದ, ಮತ್ತೆ:

ತಮ್ಮಾ, ಆ ಹೆಸರು ಮಾತ್ರ ಬೇಡ. ನಿನ್ನ ಸೂತ್ರ ಎರಡೂ ಕಡೆ ಕಾಲು ಮುರಿಯುತ್ತದೆ.

ಮೊದಲು ಕ್ಸೆನಾನ್ ಟೆಟ್ರಾಫ್ಲೋರೈಡ್, XeF₄. ಕ್ಸೆನಾನ್ ಹೊರಗೆ 8, ನಾಲ್ಕು ಬಂಧಕ್ಕೆ ಹೋದವು, ನಾಲ್ಕು ಉಳಿದವು. ಅಂದರೆ ಉಳಿದ ಜೋಡಿ ಎರಡು. ಅವು ಒಂದು ಮೇಲೆ, ಒಂದು ಕೆಳಗೆ ಎದುರುಬದುರು ನಿಲ್ಲುತ್ತವೆ. ಫ್ಲೋರಿನ್‌ಗಳು ನಡುವೆ ಚೌಕವಾಗಿ ಕೂರುತ್ತವೆ. ಎಲ್ಲ ಎಳೆತವೂ ಒಂದನ್ನೊಂದು ಹೊಡೆದುಹಾಕಿ ಧ್ರುವತೆ ಸೊನ್ನೆ. ಜೋಡಿ ಎರಡಿದ್ದರೂ ಸೊನ್ನೆ! ಇನ್ನೊಂದು ಕಡೆ ಕ್ಲೋರೋಫಾರ್ಮ್. ಇಂಗಾಲದ ಮೇಲೆ ಉಳಿದ ಜೋಡಿ ಒಂದೂ ಇಲ್ಲ, ಆದರೂ ಧ್ರುವೀಯ.

ಇದಕ್ಕಿಂತ ರುಚಿಯಾದದ್ದು ನೈಟ್ರೋಜನ್ ಟ್ರೈಫ್ಲೋರೈಡ್, NF₃. ಅಮೋನಿಯಾದ ಹಾಗೇ ಪಿರಮಿಡ್, ಹಾಗೇ ಒಂದು ಉಳಿದ ಜೋಡಿ. ಸಾರಜನಕ–ಫ್ಲೋರಿನ್ ಎಳೆತದ ವ್ಯತ್ಯಾಸ ಸಾರಜನಕ–ಹೈಡ್ರೋಜನ್‌ಗಿಂತ ಸ್ವಲ್ಪ ಹೆಚ್ಚೇ. ಹಾಗಾಗಿ NF₃ದೇ ಜಾಸ್ತಿ ಇರಬೇಕು ಅನ್ನಿಸುತ್ತದೆ. ಅಳೆದರೆ ಅಮೋನಿಯಾ 1.47 ಡಿಬೈ, NF₃ ಬರೀ 0.23.

ಬೋರ್ಡಿನ ಮೇಲೆ ಬಾಣ ಹಾಕಿ ನೋಡು. ಜೋಡಿ ಮೇಲಿದೆ, ಮೂರು ಬಂಧ ಕೆಳಗಿವೆ ಅಂದುಕೋ. ಅಮೋನಿಯಾದಲ್ಲಿ ಸಾರಜನಕವೇ ಎಳೆಯುವವನು, ಬಂಧಗಳ ಎಲೆಕ್ಟ್ರಾನ್ ಮೇಲಕ್ಕೆ ಬರುತ್ತವೆ. ಜೋಡಿಯೂ ಮೇಲೆಯೇ. ಎರಡೂ ಕೂಡಿದವು. NF₃ಯಲ್ಲಿ ಫ್ಲೋರಿನ್ ಎಳೆಯುವವನು, ಬಂಧಗಳ ಎಲೆಕ್ಟ್ರಾನ್ ಕೆಳಕ್ಕೆ ಹೋದವು. ಜೋಡಿ ಮಾತ್ರ ಮೇಲೇ ಉಳಿಯಿತು. ಒಂದು ಎತ್ತು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಎಳೆದರೆ ಬಂಡಿ ಎಷ್ಟು ಮುಂದೆ ಹೋದೀತು?

ಒಂದು ಎಚ್ಚರಿಕೆ. ಉಪಕರಣ ಕೊಡುವುದು ಇಡೀ ಅಣುವಿನ ಮೊತ್ತವನ್ನು ಮಾತ್ರ. ‘ಜೋಡಿಯ ಬಾಣ ಇಷ್ಟು, ಬಂಧದ ಬಾಣ ಇಷ್ಟು’ ಅಂತ ಹಂಚುವುದು ನಾವು ಮಾಡಿಕೊಂಡ ಲೆಕ್ಕ. ದಿಕ್ಕು ಊಹಿಸಲು ಇದು ಸಾಕು, ಸಂಖ್ಯೆ ಊಹಿಸಲು ಸಾಲದು.

ಸಿಂಧನೂರಿನಿಂದ, ಅನುವಾದಕಿ:

ಅಕ್ಷರಶಃ ಹೋಗದೆ ಕೆಲಸ ನೋಡಿ ಹೆಸರಿಡೋಣ. ಬಂಧದಲ್ಲಿರುವುದನ್ನು ಎರಡು ಪರಮಾಣು ಹಂಚಿಕೊಂಡಿವೆ, ಇದನ್ನು ಹಂಚಿಕೊಂಡಿಲ್ಲ. ‘ಹಂಚದ ಜೋಡಿ’ ಅನ್ನಬಹುದು. ‘ಬಂಧಕ್ಕೆ ಸೇರದ ಜೋಡಿ’ ಅಂತಲೂ ಯೋಚಿಸಿದ್ದೆ. ಆದರೆ ಅಮೋನಿಯಾ ಆಮ್ಲದ ಜತೆ ಸೇರಿದಾಗ ಇದೇ ಜೋಡಿ ನಾಲ್ಕನೇ ಹೈಡ್ರೋಜನ್‌ನ್ನು ಹಿಡಿದು ಅಮೋನಿಯಂ ಆಗುತ್ತದೆ ಅಲ್ವಾ? ಸೇರದ್ದು ಅಂತ ಹೆಸರಿಟ್ಟು ಮರುದಿನ ಸೇರಿಸುವುದು ಸರಿಯಲ್ಲ.

ಕೊಪ್ಪಳದಿಂದ, ಉಪನ್ಯಾಸಕಿ:

‘ಹಂಚದ ಜೋಡಿ’ ಕಾಗದದ ಮೇಲೆ ತುಂಬಾ ಇಷ್ಟ ಆಯಿತು ಅಕ್ಕಾ. ಆದರೆ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ‘ಹಂಚದ’, ‘ಹಂಚಿದ’ ಒಂದೇ ತರಹ ಕೇಳಿಸುತ್ತವೆ. ಅರ್ಥ ಪೂರ್ತಿ ಉಲ್ಟಾ. ರಾಯಚೂರಿನ ಸರ್ ತಮಗೇ ಗೊತ್ತಿಲ್ಲದೆ ‘ಉಳಿದ ಜೋಡಿ’ ಅಂತ ಬರೆದಿದ್ದಾರೆ. ಸದ್ಯಕ್ಕೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಬಂಧಕ್ಕೆ ಹೋಗಿ ಉಳಿದದ್ದು ಎಷ್ಟು ಅಂತ ಎಣಿಸಲೂ ಅದೇ ಪದ ದಾರಿ ತೋರಿಸುತ್ತದೆ.

ಸರ್, ಇನ್ನೊಂದು ಕೇಳಬೇಕು. ಫಾಸ್ಫೀನ್, PH₃ ಕೂಡ ಇದೇ ಎಣಿಕೆ: ಮೂರು ಬಂಧ, ಒಂದು ಉಳಿದ ಜೋಡಿ. ನಾಲ್ಕು ದಿಕ್ಕು, ಹಾಗಾಗಿ sp³ ಅಂತ ಬರೆಸುತ್ತೇನೆ. ಅಮೋನಿಯಾದ ಕೋನ 107, ಇದರದು ಬರೀ 93.5. ಒಂದು ಉಳಿದ ಜೋಡಿ ಇಷ್ಟು ಅಮುಕುತ್ತದಾ?

ರಾಯಚೂರಿನಿಂದ:

ಅಮುಕುವುದಷ್ಟೇ ಅಲ್ಲ ಮೇಡಂ. ರಂಜಕ ದೊಡ್ಡ ಪರಮಾಣು. ಸಾರಜನಕ–ಹೈಡ್ರೋಜನ್ ಬಂಧದ ಉದ್ದ ಸುಮಾರು 1.01 ಆಂಗ್‌ಸ್ಟ್ರಾಂ, ಇಲ್ಲಿ 1.42. ಹೈಡ್ರೋಜನ್‌ಗಳು ದೂರ ದೂರ ಇರುವುದರಿಂದ ಹತ್ತಿರ ಬಂದರೂ ಅವಕ್ಕೆ ಇಕ್ಕಟ್ಟಾಗುವುದಿಲ್ಲ. s ಮತ್ತು p ಕಕ್ಷಕಗಳು ಬೆರೆತರೆ ಸಿಗುವ ಲಾಭವೂ ರಂಜಕದಲ್ಲಿ ಕಡಿಮೆ. ಹಾಗಾಗಿ ಬಂಧಗಳು ಹೆಚ್ಚುಕಡಿಮೆ ಬರೀ p ಕಕ್ಷಕಗಳಿಂದಲೇ ಆಗುತ್ತವೆ. p ಕಕ್ಷಕಗಳ ನಡುವೆ 90 ಡಿಗ್ರಿ ಇರುವುದು ನಿಮಗೆ ಗೊತ್ತೇ ಇದೆ. ಉಳಿದ ಜೋಡಿ ಬಹುಪಾಲು s ಕಕ್ಷಕದಲ್ಲೇ ಇರುತ್ತದೆ. ಹೈಡ್ರೋಜನ್ ಸಲ್ಫೈಡ್‌ನ 92 ಡಿಗ್ರಿಗೂ ಇದೇ ಕಾರಣ.

ಜೋಡಿ ಎಣಿಸಿದರೆ ‘ಪಿರಮಿಡ್, 109ಕ್ಕಿಂತ ಕಡಿಮೆ’ ಅನ್ನುವವರೆಗೆ ಗ್ಯಾರಂಟಿ. 93 ಅಂತ ಮೊದಲೇ ಹೇಳಲು ಅದಕ್ಕೆ ಆಗುವುದಿಲ್ಲ. ಕೋನ ಅಳೆದ ಮೇಲೆ ಬೆರಕೆ ಎಷ್ಟು ಅಂತ ತಿಳಿಯುವುದು, ಬೆರಕೆಯ ಹೆಸರಿನಿಂದ ಕೋನ ತಿಳಿಯುವುದಿಲ್ಲ.

ಗಂಗಾವತಿಯಿಂದ:

ಹಾಗಾದರೆ ಪರೀಕ್ಷೆಯಲ್ಲಿ PH₃ಗೆ ಏನು ಬರೆಯಬೇಕು ಸರ್? sp³ ಬರೆದರೆ ಅಂಕ ಕೊಡುತ್ತಾರಾ, ಬರೀ p ಬರೆದರೆ ಕೊಡುತ್ತಾರಾ?

ಕೊಪ್ಪಳದಿಂದ:

ನಮ್ಮಲ್ಲೇ ಒಬ್ಬರು sp³ಗೆ ಅಂಕ ಕೊಡುತ್ತಾರೆ, ಇನ್ನೊಬ್ಬರು ಅದಕ್ಕೆ ಕತ್ತರಿ ಹಾಕುತ್ತಾರೆ. ನಾನಂತೂ ಮಕ್ಕಳಿಗೆ ಕೋನವನ್ನೂ ಪಕ್ಕದಲ್ಲಿ ಬರೆಯಿರಿ ಅನ್ನುತ್ತೇನೆ.

ಸಿರುಗುಪ್ಪದಿಂದ:

ಎಲ್ಲ ಓದಿದೆ. ‘ಉಳಿದ ಜೋಡಿ’ ಅಂದರೆ ಮಾರಾಟವಾಗದೆ ಉಳಿದದ್ದು ಅನ್ನಿಸುವುದಿಲ್ಲವಾ? ‘ಸ್ವಂತ ಜೋಡಿ’ ಅನ್ನಿ ತಂಗೀ. ಆ ಪರಮಾಣುವಿನ ಸ್ವಂತದ್ದು, ಯಾರಿಗೂ ಪಾಲು ಕೊಟ್ಟಿಲ್ಲ.