ಸಹಾಯ ಬೇಕು: ಮಜ್ಜೆಯ ರೋಗದಲ್ಲಿ ಗುಲ್ಮಕ್ಕೆ ಮರಳುವ ರಕ್ತೋತ್ಪತ್ತಿಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಒಂದು ವಿಷಯದಲ್ಲಿ ತಿಳಿದವರ ನೆರವು ಬೇಕಾಗಿದೆ.

ಭ್ರೂಣದಲ್ಲಿ ರಕ್ತಕಣಗಳು ಮೂರನೆಯ ವಾರದಲ್ಲಿ ಹಳದಿ ಚೀಲದಲ್ಲಿ ಹುಟ್ಟತೊಡಗುತ್ತವೆ. ಬಳಿಕ ಯಕೃತ್ತು ಮುಖ್ಯ ತಾಣವಾಗುತ್ತದೆ, ಗುಲ್ಮವೂ ಸ್ವಲ್ಪ ಕೈಜೋಡಿಸುತ್ತದೆ. ಗರ್ಭಾವಧಿಯ ಕೊನೆಯ ತಿಂಗಳುಗಳಲ್ಲಿ ಆ ಕೆಲಸ ಮೂಳೆಮಜ್ಜೆಗೆ ಸೇರುತ್ತದೆ. ವಯಸ್ಕರಲ್ಲಿ ಅದು ಬೆನ್ನೆಲುಬು, ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ತಲೆಬುರುಡೆ ಮತ್ತು ತೊಡೆ, ತೋಳಿನ ಮೂಳೆಗಳ ಮೇಲ್ತುದಿಗೆ ಸೀಮಿತವಾಗಿರುತ್ತದೆ.

ಪಾಠಕ್ಕೆ ಆರಿಸಿಕೊಂಡ ಮಾದರಿ ಪ್ರಕರಣ ಮೈಲೋಫೈಬ್ರೋಸಿಸ್‌ನದು. ರೋಗಿಗೆ 62 ವರ್ಷ. ಗುಲ್ಮ ಎಡ ಪಕ್ಕೆಲುಬಿನಂಚಿನಿಂದ 10 ಸೆಂ.ಮೀ. ಕೆಳಗಿಳಿದಿದೆ. ಮಜ್ಜೆಯನ್ನು ಸೂಜಿಯಿಂದ ಹೀರಿದರೆ ಏನೂ ಬರುವುದಿಲ್ಲ, ಬಯಾಪ್ಸಿಯಲ್ಲಿ ನಾರಿನ ಜಾಲ ಕಾಣುತ್ತದೆ. ರಕ್ತದ ಲೇಪದಲ್ಲಿ ಕಣ್ಣೀರ ಹನಿಯಂಥ ಕೆಂಪುಕಣಗಳು, ನ್ಯೂಕ್ಲಿಯಸ್ ಉಳಿದ ಕೆಂಪುಕಣಗಳು ಮತ್ತು ಬಲಿಯದ ಬಿಳಿಕಣಗಳಿವೆ; ಮಜ್ಜೆಯಲ್ಲಿ ಬಲಿಯುವವರೆಗೆ ತಡೆದಿಡುವ ವ್ಯವಸ್ಥೆ ಕುಸಿದಿರುವುದಕ್ಕೆ ಇದೇ ಗುರುತು.

ನನ್ನ ತೊಡಕು ಇಲ್ಲಿದೆ. ಯಕೃತ್ತು, ಗುಲ್ಮಗಳು ಭ್ರೂಣದ ಕೆಲಸವನ್ನು ಮತ್ತೆ ಆರಂಭಿಸಿದರೂ ರಕ್ತಹೀನತೆ ನೀಗುವುದಿಲ್ಲ, ಏಕೆಂದರೆ ಅಲ್ಲಿನ ಉತ್ಪಾದನೆ ಸಮರ್ಪಕವಲ್ಲ, ಜೊತೆಗೆ ಹಿಗ್ಗಿದ ಗುಲ್ಮ ಕಣಗಳನ್ನು ಹಿಡಿದಿಟ್ಟು ನಾಶಪಡಿಸುತ್ತದೆ. ಹಾಗಿರುವಾಗ ಗುಲ್ಮ ತೆಗೆಯುವ ಮುನ್ನ, ಅದು ಉತ್ಪಾದಿಸುವುದೆಷ್ಟು, ನಾಶಪಡಿಸುವುದೆಷ್ಟು ಎಂಬುದನ್ನು ನೀವು ಹೇಗೆ ಅಂದಾಜಿಸುತ್ತೀರಿ? ತೆಗೆದ ನಂತರ ಕೆಲವರಲ್ಲಿ ಯಕೃತ್ತು ವೇಗವಾಗಿ ಹಿಗ್ಗುವುದನ್ನು ಕಂಡವರು ಅದರ ಮುನ್ಸೂಚನೆಗಳನ್ನೂ ತಿಳಿಸಬೇಕೆಂದು ವಿನಂತಿ. ರೋಗಿಯ ಗುರುತಿಲ್ಲದ ಲೇಪದ ಚಿತ್ರಗಳಿದ್ದರೆ, ಪಾಠದಲ್ಲಿ ಬಳಸಲು ಅನುಮತಿಯೊಂದಿಗೆ ಹಂಚಿಕೊಳ್ಳಿ.