ಸಹಾಯ ಬೇಕು: ದುಡ್ಡಿನ ಲೂಡೋದಲ್ಲಿ ಎದುರಿಗೆ ಆಡೋದು ಕಂಪ್ಯೂಟರ್ ಬಾಟಾ, ಮನುಷ್ಯನಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಒಂದು ಲಿಂಕ್‌ನಿಂದ ಎಪಿಕೆ ಹಾಕಿಕೊಂಡು ದುಡ್ಡಿನ ಲೂಡೋ, ಪೂಲ್ ಆಡುತ್ತಿದ್ದಾನೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಇಂಥ ಆಟ ನಡೆಸೋದೇ ನಿಷೇಧ ಅಂತ ಹೇಳಿದರೂ ಬಿಟ್ಟಿಲ್ಲ.

ಇಬ್ಬರೂ 50 ರೂಪಾಯಿ ಎಂಟ್ರಿ ಫೀ ಕಟ್ಟಿದರೆ ಗೆದ್ದವನಿಗೆ 90, ಉಳಿದ 10 ಆ್ಯಪ್‌ಗೆ. ಅಂದರೆ ಹತ್ತು ಆಟದಲ್ಲಿ ಐದು ಗೆದ್ದರೂ 50 ರೂಪಾಯಿ ಕೈಬಿಡುತ್ತದೆ. ಅದು ಇರಲಿ, ನನ್ನ ಚಿಂತೆ ಬೇರೆ.

ಅವನ ಸ್ಕ್ರೀನ್ ರೆಕಾರ್ಡಿಂಗ್ ಕೂತು ನೋಡಿದೆ. ನಡುರಾತ್ರಿಯಲ್ಲೂ ದೊಡ್ಡ ಫೀ ಟೇಬಲ್‌ಗೆ ತಕ್ಷಣ ಎದುರಾಳಿ ಸಿಗುತ್ತಾನೆ. ಒಂದೇ ಕಾಯಿ ಹೊರಗಿದ್ದು ಯೋಚನೆಯೇ ಬೇಡದ ನಡೆಗೂ, ಹೊಡೆಯೋದಾ ಮನೆ ಸೇರೋದಾ ಅಂತ ತಲೆ ಕೆಡುವ ನಡೆಗೂ ಆ ಎದುರಾಳಿ ತಗೊಳ್ಳೋದು ಒಂದೇ ಸಮಯ. ಮನುಷ್ಯ ಹಾಗೆ ಆಡಲ್ಲ ಅಲ್ವಾ? ಆದರೆ ಬಾಟ್ ಸುಮ್ನೆ ತಡಮಾಡುವ ಹಾಗೂ ಬರೆಯಬಹುದು, ಹಾಗಾಗಿ ಇದೊಂದೇ ಸಾಕ್ಷಿ ಸಾಲದು.

ಸಪೋರ್ಟ್‌ಗೆ ಬರೆದರೆ ಆರ್‌ಎನ್‌ಜಿ ಸರ್ಟಿಫಿಕೇಟ್ ಕಳಿಸಿದರು. ಅದು ದಾಳ ಸರಿಯಾಗಿ ಬೀಳುತ್ತಾ ಅಂತ ಮಾತ್ರ ಹೇಳುತ್ತದೆ, ಎದುರಿಗೆ ಯಾರಿದ್ದಾರೆ ಅಂತ ಅಲ್ಲ. ಎದುರಾಳಿಯ ಐಡಿ, ಆಟದ ಲಾಗ್ ಕೇಳಿದ್ದಕ್ಕೆ ಉತ್ತರವೇ ಇಲ್ಲ. ವಾಲೆಟ್‌ನಲ್ಲಿರುವ ದುಡ್ಡೂ ವಿತ್‌ಡ್ರಾ ಆಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡುವಾಗ ಯುಪಿಐ ವಹಿವಾಟಿನ ವಿವರದ ಜೊತೆ ಈ ರೆಕಾರ್ಡಿಂಗ್‌ಗಳನ್ನೂ ಸಾಕ್ಷಿಯಾಗಿ ತಗೊಳ್ಳುತ್ತಾರಾ? ಬಾಟ್ ಅಂತ ತೋರಿಸೋಕೆ ಇನ್ನೇನು ಉಳಿಸಿಕೊಳ್ಳಬೇಕು? ಇಂಥ ದೂರು ಕೊಟ್ಟವರು ದಯವಿಟ್ಟು ತಿಳಿಸಿ.